ಅಪ್‌ಡೇಟ್: ಖಾಲಿ ಮಾಡಿಸಲು ನೀರು ನಿಲ್ಲಿಸಿದ್ದರು

ನಾನು ಕೇಳಿದ್ದು: "ಬಾಡಿಗೆ ಕರಾರು ಮುಗಿದಿದೆ, ಮನೆ ಖಾಲಿ ಮಾಡಿ ಅಂತ ಮಾಲೀಕರು ನೀರು ನಿಲ್ಲಿಸಿದ್ದಾರೆ. ಬೀಗವನ್ನೂ ಹಾಕಿಬಿಟ್ಟರೆ?"

ಅಪ್‌ಡೇಟ್: ನೀರು ಬಂತು! ಠಾಣೆಯಲ್ಲಿ ಸಿವಿಲ್ ವಿಷಯ ಎಂದರು, ಹಾಗಾಗಿ ವಕೀಲರ ಮೂಲಕ ಸಿವಿಲ್ ಕೋರ್ಟಿನಲ್ಲಿ ತಾತ್ಕಾಲಿಕ ತಡೆಯಾಜ್ಞೆ ಕೇಳಿದೆವು. ಬಾಡಿಗೆ ಕಟ್ಟಿದ ಬ್ಯಾಂಕ್ ದಾಖಲೆ, ಮುಚ್ಚಿದ ವಾಲ್ವಿನ ಫೋಟೋ, "ಖಾಲಿ ಮಾಡಿದರೆ ನೀರು ಬಿಡ್ತೀನಿ" ಎಂಬ ಅವರದೇ ಮೆಸೇಜು, ಇವೇ ಜಾಸ್ತಿ ಕೆಲಸಕ್ಕೆ ಬಂದವು.

ಬೀಗ ಹಾಕಿ ಹೊರಗಟ್ಟಿದರೆ ಮನೆ ವಾಪಸ್ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಇದೆ. ಅಲ್ಲಿ ಮನೆ ಯಾರದ್ದು ಅನ್ನೋದು ಮುಖ್ಯವಲ್ಲ, ಒಪ್ಪಿಗೆಯಿಲ್ಲದೆ, ಕಾನೂನು ಬಿಟ್ಟು ಹೊರಹಾಕಿದರಾ ಅನ್ನೋದಷ್ಟೇ ಪ್ರಶ್ನೆ. ಆದರೆ ಆರು ತಿಂಗಳೊಳಗೆ ದಾವೆ ಹಾಕಲೇಬೇಕು. ರಾಜಿಯಾಗಲಿ ಅಂತ ಸುಮ್ನೆ ಕಾಯಬೇಡಿ.

ಮಾಲೀಕರು ಈಗ ಖಾಲಿ ಮಾಡಿಸಲು ಕೋರ್ಟಿಗೇ ಹೋಗಬಹುದು, ಆ ಹಕ್ಕು ಅವರಿಗಿದೆ. ನಾನು ಬಾಡಿಗೆ ತಪ್ಪಿಸಿಲ್ಲ.