ಮದುವೆ ಹಾಡಿನಲ್ಲಿ ಹೆಲ್ಮೆಟ್ ಇರಬಹುದಾ?

(ನಮ್ಮ ಮನೆ ಗುಂಪಿನಲ್ಲಿ ರಮ್ಯಕ್ಕನ ಮದುವೆಗೆಂದು ಪುಟ್ಟ ಬರೆದು ಹಾಡಿದ ಹಾಡಿನ ಆಡಿಯೋ ಬಂದ ಮೇಲೆ)

ದೊಡ್ಡಪ್ಪ: ಕೇಳಿದೆ. ದನಿ ಚೆನ್ನಾಗಿದೆ. ಆದರೆ ಕನಸಿನ ಲೋಕ, ಪ್ರೀತಿಯ ಹೊನಲು, ಬಾಳಿನ ಪಯಣ... ಇದು ಯಾರ ಮದುವೆ ಮಾರಾಯ? ಹೆಸರು ಬದಲಿಸಿದರೆ ಪಕ್ಕದ ಛತ್ರದಲ್ಲೂ ಹಾಡಬಹುದು.

ಪುಟ್ಟ: ದೊಡ್ಡಪ್ಪ ಎರಡನೇ ಚರಣ ಕೇಳಿದ್ರಾ? ಅದರಲ್ಲಿ ಫಿಲ್ಟರ್ ಕಾಫಿ, ತುಳಸಿ ಕಟ್ಟೆ, ರಂಗೋಲಿ ಎಲ್ಲಾ ಹಾಕಿದ್ದೀನಿ. ವಸ್ತುಗಳು ಬೇಕು ಅಂತ ನೀವೇ ಹೇಳ್ತಿದ್ರಿ.

ಮೈಸೂರು ಅತ್ತೆ: ಅದು ಹೋಟೆಲ್ ಗೋಡೆ ಮೇಲಿನ ಚಿತ್ರ ಆಯ್ತು ಪುಟ್ಟ. ಸಾಮಾನು ಪಟ್ಟಿ ಮಾಡಿದ ಮಾತ್ರಕ್ಕೆ ಮನೆ ಕಾಣಲ್ಲ.

ಪುಟ್ಟ: ಹಾಗಾದರೆ ‘ರಾಯರು ಬಂದರು ಮಾವನ ಮನೆಗೆ’ ಏನು ಅತ್ತೆ? ಅದೂ ಪಟ್ಟಿನೇ ಅಲ್ವಾ? ತಂಬಿಗೆ, ಪಾಯಸ, ಮಂಚ, ದಿಂಬು.

ಮೈಸೂರು ಅತ್ತೆ: ಅಲ್ಲ. ಸರಿಯಾಗಿ ನೋಡು. ಕೆ.ಎಸ್. ನರಸಿಂಹಸ್ವಾಮಿ ಅದರಲ್ಲಿ ಒಂದು ಸಾಮಾನನ್ನೂ ಸುಮ್ನೆ ಇಟ್ಟಿಲ್ಲ. ರಾಯರು ರಾತ್ರಿ ದೂರದಿಂದ ಬರುತ್ತಾರೆ. ಕಾಲಿಗೆ ಬಿಸಿನೀರಿನ ತಂಬಿಗೆ ‘ಬಂದಿತ್ತು’. ಯಾರು ತಂದರು? ಹೇಳಲ್ಲ. ಭೋಜನ ‘ಕಾದಿತ್ತು’, ಬೆಳ್ಳಿ ಬಟ್ಟಲಿನ ಗಸಗಸೆ ಪಾಯಸ ‘ಕರೆದಿತ್ತು’. ಮೊದಮೊದಲು ಉಪಚಾರ ಮಾಡೋದೆಲ್ಲ ಸಾಮಾನುಗಳೇ, ಮನುಷ್ಯರಲ್ಲ. ಎಲ್ಲಾ ಇದೆ, ಬರಬೇಕಾದವಳು ಮಾತ್ರ ಬಂದಿಲ್ಲ. ಆಮೇಲೆ ದಿಂಬಿನ ಅಂಚಿಗೆ ಹೂವು ಬರುತ್ತೆ, ಅದು ಹೆಂಡತಿ ಪದುಮಳು ಹಾಕಿದ್ದು. ಕೈಕೆಲಸ ಇದೆ, ಕೈ ಇಲ್ಲ. ಅದೇ ಹೂವಿನ ಪಕ್ಕ ರಾಯರು ನಿದ್ದೆ ಬಾರದೆ ಹೊರಳಬೇಕು. ಕೊನೆಗೆ ಬಳೆ. ಬಳೆ ಇದೆ ಅಂತಲೂ ಅಲ್ಲ, ಬಳೆಯ ದನಿ ಇಲ್ಲ ಅಂತ. ಇಷ್ಟರಲ್ಲಿ ‘ವಿರಹ’ ಅನ್ನೋ ಪದ ಒಮ್ಮೆಯಾದರೂ ಬಂತಾ?

ದೊಡ್ಡಪ್ಪ: 👏 ನೀರಿನ ವಿಷಯನೂ ಹೇಳು.

ಮೈಸೂರು ಅತ್ತೆ: ಹೇಳ್ತೀನಿ ಇರಿ. ಬೆಳಗ್ಗೆ ರಾಯರು ಮುನಿಸಿಕೊಂಡು ಹೊರಡುತ್ತೇನೆ ಅನ್ನುತ್ತಾರೆ. ನಾದಿನಿ ಒಳಗೆ ನೀರಾಯಿತು ಅನ್ನುತ್ತಾಳೆ. ಯಾರಿಗೆ ಅಂದರೆ ಪದುಮಳಿಗೆ. ಮುಟ್ಟಾಗಿ ಹೊರಗೆ ಕೂತಿದ್ದವಳಿಗೆ ಅವತ್ತು ಸ್ನಾನ, ಇನ್ನು ಒಳಗೆ ಬರುತ್ತಾಳೆ. ಶುರುವಿನಲ್ಲಿ ನೀರು ಅವರಿಗೆ ಬಂತು, ಕೊನೆಯಲ್ಲಿ ಇವಳಿಗೆ. ಕಥೆಯ ಗಂಟು ಬಿಚ್ಚೋದು ಬಚ್ಚಲಿನ ಹಂಡೆ ನೀರಲ್ಲಿ.

ರಮ್ಯಕ್ಕ: ಅತ್ತೆ ನನಗೆ ಇಷ್ಟು ವರ್ಷ ಅದು ರಾಯರಿಗೇ ಬಿಸಿನೀರು, ನಾದಿನಿ ಆಟ ಆಡಿಸ್ತಿದ್ದಾಳೆ ಅಂತಿತ್ತು 😭

ಪುಟ್ಟ: ನೋಡಿ, ಇದೇ ನನ್ನ ತಕರಾರು! 1942ರಲ್ಲಿ ಈ ಹಾಡಿರೋ ಕವನ ಸಂಕಲನ ‘ಮೈಸೂರು ಮಲ್ಲಿಗೆ’ ಬಂದಾಗ ಅದು ಎಲ್ಲರಿಗೂ ತಕ್ಷಣ ಗೊತ್ತಾಗಿರುತ್ತೆ. ಈಗ ಅರ್ಥ ಬಿಡಿಸಿ ಹೇಳಬೇಕು. ಅಷ್ಟು ಖಾಸಾ ವಿವರ ಹಾಕಿದರೆ ಹಾಡಿಗೆ ವಯಸ್ಸಾಗುತ್ತೆ. ನನ್ನ ‘ಪ್ರೀತಿಯ ಹೊನಲು’ ಇನ್ನು ನೂರು ವರ್ಷ ಆದರೂ ಅರ್ಥ ಆಗುತ್ತೆ.

ದೊಡ್ಡಪ್ಪ: ಅರ್ಥ ಆಗುತ್ತೆ, ನೆನಪಿರಲ್ಲ. ರಮ್ಯಳಿಗೆ ನೀರಿನ ಗುಟ್ಟು ಗೊತ್ತಿರಲಿಲ್ಲ. ಆದರೂ ಬಳೆಯ ದನಿ ಇಲ್ಲ ಅನ್ನೋದು ತಾಗಿತ್ತು ತಾನೇ? ಒಂದು ವಿವರ ಮಸುಕಾದರೂ ಉಳಿದವು ಹಿಡಿದು ನಿಲ್ಲಿಸುತ್ತವೆ. ಎಲ್ಲ ಭಾರವನ್ನೂ ಒಂದೇ ಸಾಮಾನಿನ ಮೇಲೆ ಹೇರಿದರೆ ಮಾತ್ರ ನೀನು ಹೇಳಿದ ಅಪಾಯ.

ಮೈಸೂರು ಅತ್ತೆ: ನಿನ್ನ ಫಿಲ್ಟರ್ ಕಾಫಿಗೆ ಒಂದು ಪರೀಕ್ಷೆ ಮಾಡು. ಅದನ್ನು ತೆಗೆದು ಬಾದಾಮಿ ಹಾಲು ಹಾಕು. ಏನಾದರೂ ಕೆಟ್ಟಿತಾ? ಇಲ್ಲ ಅಂದರೆ ಅದು ಅಲಂಕಾರ. ದಿಂಬಿನ ಹೂವನ್ನು ಅಂಗಡಿಯಿಂದ ತಂದದ್ದು ಅಂತ ಮಾಡಿ ನೋಡು, ಆ ಸಾಲು ಅಲ್ಲೇ ಸತ್ತುಹೋಗುತ್ತೆ.

ಪುಟ್ಟ: ಸರಿ, ನಮ್ಮ ಮನೆಯದ್ದು ಏನಿದೆ ಹೇಳಿ ಹಾಗಾದ್ರೆ.

ದೊಡ್ಡಪ್ಪ: ರಮ್ಯಳ ಅಪ್ಪ ಹೆಲ್ಮೆಟ್ ಒಳಗೆ ಮಲ್ಲಿಗೆ ಮೊಗ್ಗು ತರೋದು! ತಲೆಗೆ ಹಾಕಿದ್ದು ಯಾವಾಗ, ಹೂ ತಂದದ್ದೇ ಜಾಸ್ತಿ. ಇವಳ ಮದುವೆ ಆದ ಮೇಲೂ ಅಭ್ಯಾಸಬಲದಿಂದ ತರುತ್ತಾನೆ ನೋಡು. ಅಳು, ಕಣ್ಣೀರು, ತವರು ಏನೂ ಬರೆಯಬೇಡ. ಹೆಲ್ಮೆಟ್ ಬರೆ ಸಾಕು.

ರಮ್ಯಕ್ಕ: ದೊಡ್ಡಪ್ಪ ಪ್ಲೀಸ್, ಛತ್ರದಲ್ಲಿ ಅಪ್ಪ ಅತ್ತುಬಿಡ್ತಾರೆ. ಬೇಡ.

ಪುಟ್ಟ: ಅಕ್ಕ, ಅಳೋದಿರಲಿ, ಟ್ಯೂನ್ ಆಗಲೇ ಫಿಕ್ಸ್ ಆಗಿದೆ. ಸಾಲಿನ ಕೊನೆ ಸ್ವರ ಉದ್ದಕ್ಕೆ ಎಳೆಯಬೇಕು. ‘ಹೆಲ್ಮೆಟ್’ ಅಂತ ಎಳೆಯೋದು ಹೇಗೆ? ಟ್ ಅನ್ನುತ್ತಿದ್ದ ಹಾಗೆ ಬಾಯಿ ಕಟ್ಟಿಹೋಗುತ್ತೆ.

ಮೈಸೂರು ಅತ್ತೆ: ಅದನ್ನು ಸಾಲಿನ ನಡುವೆ ತಳ್ಳು, ಕೊನೆಗೆ ಕ್ರಿಯಾಪದ ಇಡು. ‘ಹೆಲ್ಮೆಟ್ಟಿನ ತುಂಬ ಮೊಗ್ಗು ತಂದಾರೋ...’ ಈಗ ಎಷ್ಟು ಬೇಕಾದರೂ ಎಳಿ.

ಪುಟ್ಟ: ಹ್ಮ್. ಎರಡು ಮಾತ್ರೆ ಜಾಸ್ತಿ ಆಗುತ್ತೆ. ಹೇಗಾದರೂ ಕೂರಿಸ್ತೀನಿ. ಆದರೆ ಫಿಲ್ಟರ್ ಕಾಫಿ ತೆಗೆಯಲ್ಲ.

ರಮ್ಯಕ್ಕ: ಹೆಲ್ಮೆಟ್ ಬೇಡ ಅಂದೆ!!

ದೊಡ್ಡಪ್ಪ: ಪುಟ್ಟ, ಹೊಸ ಆಡಿಯೋ ಯಾವಾಗ?