ವೈಫೈ ಹೆಸರು ಒಂದೇ, ಆದ್ರೂ ಮಹಡಿ ಮೇಲಿಂದ ಪ್ರಿಂಟ್ ಹೋಗ್ತಿಲ್ಲ

ಕೇಳಿದವರು, ಕುವೆಂಪುನಗರ: ಪ್ರಿಂಟರ್ ಕೆಳಗೆ ಹಾಲ್‌ನಲ್ಲಿದೆ. ಕೆಳಗೆ ಕೂತು ಫೋನಿಂದ ಕೊಟ್ರೆ ಪ್ರಿಂಟ್ ಬರತ್ತೆ, ಮಹಡಿ ರೂಮಿಂದ ಕೊಟ್ರೆ ಪ್ರಿಂಟರೇ ಕಾಣಲ್ಲ. ಎರಡೂ ಕಡೆ ವೈಫೈ ಹೆಸರು, ಪಾಸ್‌ವರ್ಡ್ ಒಂದೇ. ಯಾರಿಗಾದ್ರೂ ಹೀಗಾಗಿತ್ತಾ?

ಸರಸ್ವತಿಪುರಂ: ಇದು 5 ಗಿಗಾಹರ್ಟ್ಜ್ ಕಾಟ ಸರ್, ಕಣ್ಮುಚ್ಕೊಂಡು ಹೇಳ್ತೀನಿ. ಪ್ರಿಂಟರ್ 2.4 ಮಾತ್ರ ಹಿಡಿಯತ್ತೆ, ಫೋನು 5ರಲ್ಲಿದ್ರೆ ಒಂದಕ್ಕೊಂದು ಕಾಣಲ್ಲ. ರೂಟರ್‌ನಲ್ಲಿ 5 ಆಫ್ ಮಾಡ್ಬಿಡಿ.

ಮಂಡ್ಯ: ನಂದೂ ಇದೇ ಗೋಳು ಕಣಣ್ಣ. ಹಳೇ ಲೇಸರ್ ಪ್ರಿಂಟರು, ಕಂಪ್ಯೂಟರ್‌ಗೆ ವೈರ್ ಚುಚ್ಚಿದೀನಿ, ಹೋದ ತಿಂಗ್ಳು ಮನೇಗೆ ವೈಫೈ ಹಾಕ್ಸಿದ್ಮೇಲೂ ಫೋನಲ್ಲಿ ತೋರುಸ್ತಾನೇ ಇಲ್ಲ. ಮಗಳ ಹೋಂವರ್ಕ್‌ಗೆ ದಿನಾ ಜೆರಾಕ್ಸ್ ಅಂಗಡಿಗೆ ಓಡ್ಬೇಕು.

ವಿಜಯನಗರ, ನೆಟ್‌ವರ್ಕ್ ಕೆಲಸದವನು: ಮಂಡ್ಯದಣ್ಣ, ನಿಮ್ದು ಬೇರೆ ಕಥೆ, ಪ್ರಿಂಟರ್ ತಾನೇ ವೈಫೈ ಹಿಡೀಬೇಕಂದ್ರೆ ಅದರೊಳಗೇ ವೈಫೈ ಇರ್ಬೇಕು, ಮನೇಗೆ ಹಾಕ್ಸಿದ್ರೆ ಅದಕ್ಕೆ ಬರಲ್ಲ. 5ರ ಮಾತೂ ಅರ್ಧ ಸರಿ. ಪ್ರಿಂಟರನ್ನ ಮೊದಲ್ನೇ ಸಲ ವೈಫೈಗೆ ಸೇರಿಸೋವಾಗ ತೊಂದ್ರೆ ಕೊಡತ್ತೆ ನಿಜ, ಆದ್ರೆ ಸೇರಿದ ಮೇಲೆ ಒಂದೇ ರೂಟರ್‌ನ 2.4 ಮತ್ತು 5 ಸಾಮಾನ್ಯವಾಗಿ ಒಂದೇ ನೆಟ್‌ವರ್ಕ್, ಒಂದೇ ಮನೇಗೆ ಎರಡು ಬಾಗಿಲು ಅಷ್ಟೇ.

ನಂಗೆ ಅನುಮಾನ ಇರೋದು ಮಹಡಿ ಮೇಲೆ ಇನ್ನೊಂದು ರೂಟರ್ ಇದ್ಯಾ ಅಂತ. ಹೆಸರು ಒಂದೇ ಇಟ್ರೆ ನೆಟ್‌ವರ್ಕ್ ಒಂದೇ ಆಗಲ್ಲ ಸರ್, ಊರಲ್ಲಿ ಎರಡು ಮನೇಗೆ "ಶ್ರೀ ನಿಲಯ" ಅಂತ ಬೋರ್ಡ್ ಇದ್ದಂಗೆ. ಮೇಲೆ ಹೋಗಿ ಫೋನಲ್ಲಿ ವೈಫೈ ಹೆಸರು ಒತ್ತಿ ಐಪಿ ಅಡ್ರೆಸ್ ನೋಡಿ, ಪ್ರಿಂಟರ್‌ದು ಅದರ ಸ್ಕ್ರೀನಲ್ಲೋ ಸೆಟ್ಟಿಂಗ್ ಪೇಜ್ ಪ್ರಿಂಟ್ ತೆಗ್ದೋ ನೋಡಿ, ಎರಡೂ ಬರೀರಿ.

ಕೇಳಿದವರು: ಹೌದು ಇದೆ! ಕೆಳಗಿನ ಫೈಬರ್ ರೂಟರ್‌ನಿಂದ ಕೇಬಲ್ ಎಳ್ದು ಮೇಲೊಂದು ಹಾಕ್ಸಿದ್ದೆ. ಫೋನು 192.168.0.104, ಪ್ರಿಂಟರ್ 192.168.1.7.

ವಿಜಯನಗರ: ಸಿಕ್ತಲ್ಲ. ಮೂರನೇ ಅಂಕಿ ನೋಡಿ, ಒಂದು ಕಡೆ 0, ಇನ್ನೊಂದು ಕಡೆ 1. ಫೋನು ಪ್ರಿಂಟರ್ ಹುಡುಕೋದು ಹೇಗೆ ಅಂದ್ರೆ "ಇಲ್ಲಿ ಪ್ರಿಂಟರ್ ಯಾರಿದೀರಾ" ಅಂತ ಕೂಗು ಹಾಕತ್ತೆ, ಆ ಕೂಗು ಮೇಲಿನ ರೂಟರ್ ದಾಟಲ್ಲ. ತಮಾಷೆ ಏನಂದ್ರೆ ವಿಳಾಸ ಗೊತ್ತಿದ್ರೆ ಮೇಲಿಂದ ಕೆಳಗೆ ಕಾಗದ ಹೋಗತ್ತೆ, ಯಾಕಂದ್ರೆ ಇಂಟರ್ನೆಟ್‌ಗೆ ಹೋಗೋ ದಾರೀಲೇ ಪ್ರಿಂಟರ್ ಇದೆ. ಪ್ರಿಂಟರ್ ಮೇಲಿದ್ದು ಫೋನ್ ಕೆಳಗಿದ್ದಿದ್ರೆ ಅದೂ ಆಗ್ತಿರ್ಲಿಲ್ಲ. ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸಲ್ಲಿ Printing ಅಂತ ಹುಡುಕಿ, Default Print Service ಒಳಗೆ ಮೂರು ಚುಕ್ಕಿ, Add printer, ಆಮೇಲೆ ಆ 192.168.1.7 ಟೈಪ್ ಮಾಡಿ ನೋಡಿ.

ಕೇಳಿದವರು: ಬಂತು ಬಂತು, ಮೇಲಿಂದಾನೇ! ಆದ್ರೆ ನಮ್ಮನೆಯವ್ರದ್ದು ಐಫೋನು, ಅದ್ರಲ್ಲಿ ನಂಬರ್ ಹಾಕೋ ಜಾಗಾನೇ ಸಿಗ್ತಿಲ್ಲ.

ವಿಜಯನಗರ: ಐಫೋನ್‌ಗೆ ಆ ಕೂಗು ಕೇಳಿಸ್ಲೇಬೇಕು. ಹಾಗಾಗಿ ಸರಿಯಾದ ರಿಪೇರಿ ಅಂದ್ರೆ ಮೇಲಿನ ರೂಟರನ್ನ Access Point ಮೋಡ್‌ಗೆ ಹಾಕೋದು, ಆಗ ಅಡ್ರೆಸ್ ಕೊಡೋ ಕೆಲಸ ಕೆಳಗಿನದು ಒಂದೇ ಮಾಡತ್ತೆ. ಹಳೇ ರೂಟರ್‌ನಲ್ಲಿ ಆ ಮೋಡ್ ಇಲ್ದಿದ್ರೆ ಮೊದಲು ಅದರದ್ದೇ ಅಡ್ರೆಸ್ಸನ್ನ 1ರ ಸಾಲಿನಲ್ಲಿ ಯಾರೂ ಬಳಸದ ನಂಬರ್‌ಗೆ ಬದಲಾಯಿಸಿ, ಅಡ್ರೆಸ್ ಹಂಚೋ DHCP ಆಫ್ ಮಾಡಿ, ಕೇಬಲನ್ನ WAN ತೂತಿಂದ ಕಿತ್ತು LAN ತೂತಿಗೆ ಚುಚ್ಚಿ. ಆದ್ಮೇಲೆ ಫೋನಿನ ವೈಫೈ ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಇಲ್ದಿದ್ರೆ ಹಳೇ ನಂಬರ್ ಹಿಡ್ಕೊಂಡೇ ಕೂತಿರತ್ತೆ.

ಶ್ರೀರಂಗಪಟ್ಟಣ: ನಂಬರ್ ಹಾಕಿ ಸುಮ್ನಾಗೋರಿಗೆ ಒಂದ್ಮಾತು. ನಾನೂ ಹಂಗೇ ಮಾಡಿದ್ದೆ, ಎರಡು ವಾರ ಚೆನ್ನಾಗಿತ್ತು, ಒಂದಿನ ಕರೆಂಟ್ ಹೋಗಿ ಬಂದ್ಮೇಲೆ ಪ್ರಿಂಟರ್ ಸತ್ತೇ ಹೋಯ್ತು ಅಂದ್ಕೊಂಡೆ, ರಿಪೇರಿಯವ್ನಿಗೆ 300 ಕೊಟ್ಟು ಕರೆಸಿದ್ರೆ ಅವ್ನು ಕೇಬಲ್ ಬದಲಾಯಿಸಿ ಹೋದ. ಆಗಿದ್ದಿಷ್ಟೇ, 7 ಇದ್ದಿದ್ದು 11 ಆಗಿತ್ತು.

ವಿಜಯನಗರ: ಕೆಳಗಿನ ರೂಟರ್‌ನ DHCP ಪೇಜಲ್ಲಿ ಪ್ರಿಂಟರ್‌ಗೆ ಅಂತ ಒಂದು ನಂಬರ್ ಕಾದಿರಿಸ್ಬೋದು, Address Reservation ಅಂತಲೋ ಅದೇ ಥರದ್ದೋ ಹೆಸ್ರಿರತ್ತೆ. ಆಮೇಲೆ ಕರೆಂಟ್ ಎಷ್ಟ್ ಸಲ ಹೋದ್ರೂ ಅದೇ ನಂಬರ್.

ಕೇಳಿದವರು: ಮೋಡ್ ಬದಲಾಯಿಸ್ದೆ, ಈಗ ನನ್ ಫೋನು 192.168.1.12, ಐಫೋನಲ್ಲೂ ಮೇಲೆ ಕೂತು ಪ್ರಿಂಟ್ ಬಂತು. ಒಂದೇ ಕೊರೆತ ಉಳ್ದಿರೋದು, ಬೆಳಗ್ಗೆ ಮೊದಲ್ನೇ ಪ್ರಿಂಟ್‌ಗೆ ಐಫೋನಲ್ಲಿ ಪ್ರಿಂಟರ್ ಕಾಣ್ಸಲ್ಲ, ಕೆಳಗೆ ಬಂದು ಪ್ರಿಂಟರ್ ಬಟನ್ ಒಂದ್ಸಲ ಒತ್ತಿದ್ರೆ ಬರತ್ತೆ.

ಸರಸ್ವತಿಪುರಂ: 5 ಆಫ್ ಮಾಡಿ ನೋಡಿ ಅಂದೆ.

ವಿಜಯನಗರ: 😄 ಅದು ರಾತ್ರಿ ನಿದ್ದೆ ಹೋಗಿ ಕೂಗಿಗೆ ಉತ್ತರ ಕೊಡ್ತಿಲ್ಲ ಅನ್ಸತ್ತೆ. ಪ್ರಿಂಟರ್ ಮೆನುವಲ್ಲಿ ಸ್ಲೀಪ್ ಅಥವಾ ಆಟೋ ಆಫ್ ಟೈಮ್ ಏನಿದೆ ನೋಡಿ, ಜಾಸ್ತಿ ಮಾಡಿ ಎರಡು ದಿನ ಬಿಟ್ಟು ಹೇಳಿ. ಅದೇ ಕಾರಣ ಅಂತ ಆಣೆ ಮಾಡಲ್ಲ.

ಮಂಡ್ಯ: ಹಂಗಾದ್ರೆ ನಾನು ಹೊಸದೇ ತಗೋಬೇಕಾ ಅಣ್ಣ?