ಐದು ಅಕ್ಷರಗಳ ಹೊಟ್ಟೆ

ಕೋಡ್‌ನ ಕಾಮೆಂಟಿನಲ್ಲಿ ಡ್ಯಾಶ್ ಮತ್ತು ಪ್ಲಸ್ ಚಿಹ್ನೆಗಳಿಂದ ಚೌಕ ಕಟ್ಟುವುದರಲ್ಲಿ ನಮ್ಮ ಸುರೇಶನಿಗೆ ಎಷ್ಟು ಮೋಹವೆಂದರೆ, ಆತನ ಫಂಕ್ಷನ್‌ಗಿಂತ ಅದರ ನೆತ್ತಿಯ ಮೇಲಿನ ಚಿತ್ರವೇ ಉದ್ದವಾಗಿರುತ್ತದೆ. ಹೀಗಿರಲು ಯಾರೋ ಪುಣ್ಯಾತ್ಮರು `Queue` ಎಂಬ ಹೆಸರನ್ನು ಕಾಮೆಂಟುಗಳೂ ಸೇರಿದಂತೆ ಎಲ್ಲೆಡೆ ಒಂದೇ ಏಟಿಗೆ `RetryQueue` ಎಂದು ಬದಲಿಸಿಬಿಟ್ಟರು.

```
// +-------+     +--------+
// | RetryQueue |---->| Worker |
// +-------+     +--------+
```

“ಹೊಟ್ಟೆ ಗೋಡೆಯಾಚೆ ಬಂದಿದೆಯಲ್ಲ ಮಾರಾಯ!” ಎಂದು ವಿಮಲಾ ನಕ್ಕಳು.

“ಐದೇ ಅಕ್ಷರ ತಾನೇ, ಮೇಲೆ ಐದು ಡ್ಯಾಶ್, ಕೆಳಗೆ ಐದು ಡ್ಯಾಶ್ ಸೇರಿಸಿದರಾಯಿತು” ಎಂದ ಸುರೇಶ.

“ಇದು ಮೂರು ಸಾಲಿನ ಚಿತ್ರವಾದ್ದರಿಂದ ಆಯಿತು ಎನ್ನುತ್ತೀಯ. ಚೌಕದ ಮೇಲೂ ಕೆಳಗೂ ಇನ್ನೆರಡು ಚೌಕಗಳಿದ್ದರೆ ಬಲಗಡೆಯ ಸಂಸಾರವನ್ನೆಲ್ಲ ಐದು ಅಂಕಣ ಸರಿಸಬೇಕು” ಎಂದು ಆಕ್ಷೇಪಿಸಿದವನು ರಘು. ವಿಮ್ ಎಡಿಟರ್ ಬಳಸುವವರಿಗೆ ಸಹಜವಾದ ಗಾಂಭೀರ್ಯದಿಂದ ಅವನು ಮುಂದುವರಿಸಿದ: “ಮೊದಲು ಗೋಡೆ ಸರಿಸಿ ಆಮೇಲೆ ಹೆಸರು ಬರೆಯಬೇಕು. ಹಳೆಯ ಚಿತ್ರದಲ್ಲಿ `Queue` ಮುಗಿದ ನಂತರದ ಅಂಕಣದ ಮೇಲೆ `Ctrl-V` ಒತ್ತಿ ಮೂರೂ ಸಾಲುಗಳನ್ನು ಹಿಡಿದು, `I` ಒತ್ತಿ ಐದು ಡ್ಯಾಶ್ ತುಂಬಿ `Esc` ಒತ್ತಿದರೆ, ಮೂರೂ ಸಾಲುಗಳು ಸಮನಾಗಿ ಹಿಗ್ಗುತ್ತವೆ.”

“ನಡುವಿನ ಸಾಲು `Queue-----` ಎಂದಾಗುವುದಿಲ್ಲವೇ?”

“ಆಗಲಿ, ನಮಗೆ ಬೇಕಾದದ್ದೂ ಅದೇ. `Q` ಮೇಲೆ ನಿಂತು `R` ಒತ್ತಿದರೆ ಹೊಸ ಅಕ್ಷರ ಹಳೆಯದನ್ನು ತಳ್ಳದೆ ಅದರ ಮೇಲೆಯೇ ಕೂರುತ್ತದೆ. `RetryQueue` ಎಂಬ ಹತ್ತು ಅಕ್ಷರಗಳು ಆ ಹತ್ತು ಸ್ಥಾನಗಳನ್ನು ನುಂಗುತ್ತವೆ, ಗೋಡೆ ಕದಲುವುದಿಲ್ಲ. ಒಳಗೆ ಟ್ಯಾಬ್ ಅಡಗಿದ್ದರೆ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗು.”

ವಿಮಲಾಗೆ ಸಮಾಧಾನವಾಗಲಿಲ್ಲ. “ಚಿತ್ರವೇನೋ ನೆಟ್ಟಗಾಯಿತು, ಆದರೆ ಅದನ್ನು ಪರಿಶೀಲಿಸುವವಳು ನಾನು. ಬದಲಾದದ್ದು ಒಂದು ಹೆಸರು, ಡಿಫ್‌ನಲ್ಲಿ ಕಾಣುವುದು ಮೂರು ಸಾಲು. ಖಾಲಿ ಜಾಗದ ವ್ಯತ್ಯಾಸವನ್ನು ಕಡೆಗಣಿಸಲು `git diff -w` ಎಂದರೆ ಬರಿಯ ಲಂಬ ಗೋಡೆಗಳಿರುವ ಸಾಲುಗಳು ಮರೆಯಾದಾವು, ಸೂರು ಮತ್ತು ನೆಲದ ಸಾಲುಗಳು ಮರೆಯಾಗುವುದಿಲ್ಲ. ಡ್ಯಾಶ್ ಖಾಲಿ ಜಾಗವಲ್ಲವಲ್ಲ!” ಎಂದು ಹೇಳಿ, ಹೆಸರುಗಳನ್ನೇ ಚೌಕದಿಂದ ಹೊರಹಾಕಿದಳು.

```
// +---+     +---+
// | A |---->| B |
// +---+     +---+
// A: RetryQueue
// B: Worker
```

ಇನ್ನು ಹೆಸರು ಎಷ್ಟೇ ಉದ್ದವಾದರೂ ಒಂದೇ ಸಾಲು ಬದಲಾಗುತ್ತದೆ, ಹುಡುಕಿ ಬದಲಿಸುವ ಸಾಧನವೂ ಏನನ್ನೂ ಕೆಡಿಸಲಾರದು. ಓದುವವನ ಕಣ್ಣು ಮೇಲೆ ಕೆಳಗೆ ಓಡಾಡಬೇಕೆಂಬುದು ನಿಜ. ಎರಡು ಚೌಕಗಳಿಗೆ ಇದು ಅತಿಯಾಯಿತೆಂದೇ ನನ್ನ ಅನಿಸಿಕೆ, ಹತ್ತು ಚೌಕಗಳಾದರೆ ವಿಮಲಾಳ ಪಕ್ಷವೇ ಸರಿ.

“ಹಾಗಾದರೆ ಚೌಕದೊಳಗೆ ಕನ್ನಡದಲ್ಲೇ ‘ಸರತಿ’ ಎಂದು ಬರೆಯುತ್ತೇನೆ, ಚಿಕ್ಕದಾಗಿದೆ” ಎಂದು ಸುರೇಶ ಕೊನೆಯ ಬಾಣ ಬಿಟ್ಟ.

“ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ಗೆ ನಾಲ್ಕು ಸಂಕೇತ, ಅಗಲವೆಷ್ಟೆಂಬುದು ಫಾಂಟಿನ ಮರ್ಜಿ” ಎಂದ ರಘು. “ಕನ್ನಡ ಬೇಕಾದರೆ ಕೆಳಗಿನ ಪಟ್ಟಿಯಲ್ಲಿ ಧಾರಾಳವಾಗಿ ಬರೆ, ಅಲ್ಲಿ ಬಲಗಡೆ ಗೋಡೆಯೇ ಇಲ್ಲ.”